ಎಣ್ಣೆ ನಿಂತ ಜಾಗ: ಮುಂಬೈ ಹೈ ಮತ್ತು ಕಲ್ಲಿನ ಕಮಾನು



ಪೆಟ್ರೋಲಿಯಂ ಬಗ್ಗೆ ಉಪನ್ಯಾಸ ಎಂದರೆ ಬೆಲೆ, ಯುದ್ಧ, ಆಮದು ಇವುಗಳ ಮಾತು ಬರಬಹುದೆಂದು ನೀವು ಕಾದಿರಬಹುದು. ಅದನ್ನು ಅರ್ಥಶಾಸ್ತ್ರದವರಿಗೆ ಬಿಡುತ್ತೇನೆ. ನಾನು ಹಿಡಿದಿರುವುದು ಒಂದೇ ಪ್ರಶ್ನೆ: ನೆಲದೊಳಗೆ ಎಣ್ಣೆ ಒಂದು ಕಡೆ ಏಕೆ ನಿಲ್ಲುತ್ತದೆ? ಎಣ್ಣೆ ಹುಟ್ಟುವುದು ಅಷ್ಟೇನೂ ಅಪರೂಪವಲ್ಲ. ಹುಟ್ಟಿದ್ದರಲ್ಲಿ ಬಹುಪಾಲು ಕಲ್ಲುಗಳಲ್ಲಿ ಚದುರಿ ಹೋಗಿದೆ, ಇಲ್ಲವೇ ನೆಲದ ಮೇಲಕ್ಕೆ, ಸಮುದ್ರದ ತಳಕ್ಕೆ ಒಸರಿ ಹಾಳಾಗಿದೆ. ನಾವು ಬಾವಿ ಕೊರೆದು ತೆಗೆಯುತ್ತಿರುವುದು ದಾರಿಯಲ್ಲಿ ಸಿಕ್ಕಿಬಿದ್ದ ಸ್ವಲ್ಪ ಭಾಗವನ್ನು. ಸಿಕ್ಕಿಬಿದ್ದ ಆ ಜಾಗಕ್ಕೆ ಟ್ರ್ಯಾಪ್, ಅಂದರೆ ಬಲೆ, ಎನ್ನುತ್ತಾರೆ. ಇವತ್ತಿನ ಮಾತೆಲ್ಲ ಒಂದು ಬಲೆಯನ್ನು ಕುರಿತದ್ದು. ಅದು ಮುಂಬೈ ಹೈ.

ಮುಂಬೈ ತೀರದಿಂದ ಪಶ್ಚಿಮ-ವಾಯವ್ಯಕ್ಕೆ ಸುಮಾರು 160 ಕಿಲೋಮೀಟರ್ ದೂರದಲ್ಲಿ, ಸುಮಾರು 75 ಮೀಟರ್ ಆಳದ ಸಮುದ್ರದಲ್ಲಿ ಈ ಕ್ಷೇತ್ರವಿದೆ. 1960ರ ದಶಕದಲ್ಲಿ ಸೋವಿಯತ್ ನೆರವಿನಿಂದ ನಡೆದ ಸಮೀಕ್ಷೆಯಲ್ಲಿ ಸಮುದ್ರದ ತಳದ ಕೆಳಗೆ ಒಂದು ಉಬ್ಬು ಕಾಣಿಸಿತು. ಹಡಗಿನಿಂದ ಶಬ್ದದ ಅಲೆಗಳನ್ನು ಕೆಳಗೆ ಕಳಿಸಿ, ಪದರಗಳಿಂದ ಮರಳಿ ಬರುವ ಪ್ರತಿಧ್ವನಿ ಎಷ್ಟು ಹೊತ್ತಿಗೆ ಬಂತೆಂದು ಅಳೆಯುವುದು ಈ ಸಮೀಕ್ಷೆಯ ಕ್ರಮ. ಉಬ್ಬಿದ್ದಲ್ಲಿ ಪ್ರತಿಧ್ವನಿ ಬೇಗ ಬರುತ್ತದೆ, ತಗ್ಗಿದ್ದಲ್ಲಿ ತಡವಾಗುತ್ತದೆ. ಉಬ್ಬು ಕಂಡು ಸುಮಾರು ಹತ್ತು ವರ್ಷದ ಮೇಲೆ, ಜಪಾನಿನಲ್ಲಿ ಕಟ್ಟಿಸಿ ತಂದ 'ಸಾಗರ್ ಸಮ್ರಾಟ್' ಎಂಬ ರಿಗ್ ಅಲ್ಲಿಗೆ ಹೋಯಿತು. 1974ರ ಫೆಬ್ರವರಿಯಲ್ಲಿ ತೈಲ ಸಿಕ್ಕಿತು. 1976ರ ಮೇ ತಿಂಗಳಲ್ಲಿ ಉತ್ಪಾದನೆ ಆರಂಭವಾಯಿತು. ಭಾರತದ ಅತಿ ದೊಡ್ಡ ತೈಲಕ್ಷೇತ್ರ ಇದೇ.

ಈ ಇತಿಹಾಸವನ್ನು ಬೇಗ ಮುಗಿಸಿದ್ದಕ್ಕೆ ಕಾರಣವಿದೆ. ಸಮೀಕ್ಷೆ ತೋರಿಸಿದ್ದು ಆಕಾರವನ್ನು ಮಾತ್ರ. ಆಕಾರ ಕಂಡ ಮಾತ್ರಕ್ಕೆ ಒಳಗೆ ಎಣ್ಣೆ ಇದೆ ಎಂದಾಗಲಿಲ್ಲ. ಎಣ್ಣೆ ಇರಬೇಕಾದರೆ ಬೇರೆ ಮೂರು ಕಲ್ಲುಗಳು ತಮ್ಮ ತಮ್ಮ ಕೆಲಸ ಮಾಡಿರಬೇಕು, ಅದೂ ಸರಿಯಾದ ಸರದಿಯಲ್ಲಿ.

ಮೊದಲನೆಯದು ಮಾತೃಶಿಲೆ. ಮುಂಬೈ ಹೈನ ಎಣ್ಣೆ ಮುಂಬೈ ಹೈನಲ್ಲಿ ಹುಟ್ಟಿದ್ದಲ್ಲ. ಡೆಕ್ಕನ್ ಬಸಾಲ್ಟಿನ ಲಾವಾ ಹರಿದು ತಣ್ಣಗಾದ ಮೇಲೆ, ಇಂದಿಗೆ ಐದಾರು ಕೋಟಿ ವರ್ಷಗಳ ಹಿಂದೆ, ಪಶ್ಚಿಮ ಕರಾವಳಿಯಾಚೆ ನೆಲ ಬಿರಿದು ಕುಸಿಯುತ್ತಿತ್ತು. ಕುಸಿದ ತಗ್ಗುಗಳಲ್ಲಿ ಕೆಸರು ತುಂಬಿತು. ಗಾಳಿಯಾಡದ ಆ ಕೆಸರಿನಲ್ಲಿ ಎಲೆಕಸ, ಪಾಚಿ, ಸೂಕ್ಷ್ಮಜೀವಿಗಳ ಅವಶೇಷ ಕೊಳೆತು ಮುಗಿಯದೆ ಉಳಿದವು. ಈ ಪದರಕ್ಕೆ ಪನ್ನಾ ಫಾರ್ಮೇಷನ್ ಎಂದು ಹೆಸರು. ಅದರಲ್ಲಿ ಜೇಡಿಶಿಲೆಯ ನಡುವೆ ಕಲ್ಲಿದ್ದಲಿನ ತೆಳು ಪಟ್ಟಿಗಳೂ ಇವೆ. ಮಾತೃಶಿಲೆ ಎಂದ ಕೂಡಲೇ ಎಣ್ಣೆ ತೊಟ್ಟಿಕ್ಕುವ ಕಪ್ಪು ಕಲ್ಲನ್ನು ಕಲ್ಪಿಸಿಕೊಳ್ಳಬೇಡಿ. ತೂಕದಲ್ಲಿ ನೂರಕ್ಕೆ ಒಂದೆರಡು ಪಾಲು ಜೈವಿಕ ಇಂಗಾಲವಿದ್ದರೂ ಅದನ್ನು ಮಾತೃಶಿಲೆಯೆಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಆ ಇಂಗಾಲ ಕೆರೋಜೆನ್ ಎಂಬ ಗಟ್ಟಿ ಪದಾರ್ಥವಾಗಿ ಕುಳಿತಿರುತ್ತದೆ. ಮೇಲೆ ಹೊಸ ಕೆಸರು ಬಿದ್ದಂತೆ ಅದು ಆಳಕ್ಕಿಳಿದು ಬಿಸಿಯಾಗುತ್ತದೆ. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದರ ದೊಡ್ಡ ಅಣುಗಳು ಒಡೆದು ದ್ರವ ತೈಲ ಬಿಡುಗಡೆಯಾಗತೊಡಗುತ್ತದೆ. 120, 150 ಡಿಗ್ರಿಯ ಆಚೆಗೆ ತೈಲವೇ ಒಡೆದು ಅನಿಲವಾಗುತ್ತದೆ. ನೆಲದೊಳಗೆ ಪ್ರತಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿಯಷ್ಟು ಬಿಸಿ ಏರುವುದು ಸಾಮಾನ್ಯ. ಆ ಲೆಕ್ಕದಲ್ಲಿ ಚೆನ್ನಾಗಿ ಬೇಯಬೇಕಾದರೆ ಮಾತೃಶಿಲೆ ಎರಡು ಕಿಲೋಮೀಟರಿನಷ್ಟಾದರೂ ಕೆಳಗಿಳಿಯಬೇಕು. ಮುಂಬೈ ಹೈ ಒಂದು ದಿಬ್ಬ. ಅಲ್ಲಿ ಪನ್ನಾ ಪದರ ಅಷ್ಟು ಆಳಕ್ಕಿಳಿಯಲಿಲ್ಲ, ಎಷ್ಟೋ ಕಡೆ ದಿಬ್ಬದ ತಲೆಯ ಮೇಲೆ ಅದು ಬಿದ್ದೇ ಇಲ್ಲ. ಸುತ್ತಲಿನ ತಗ್ಗುಗಳಲ್ಲಿ, ಮುಖ್ಯವಾಗಿ ಉತ್ತರ ಮತ್ತು ಈಶಾನ್ಯದ ಕಡೆ, ಅದು ದಪ್ಪವಾಗಿ ಬಿದ್ದು ಆಳಕ್ಕಿಳಿದು ಬೆಂದಿದೆ. ಈ ಕಸುಬಿನವರು ಇಂಥ ತಗ್ಗನ್ನು ಕಿಚನ್ ಎಂದೇ ಕರೆಯುತ್ತಾರೆ.

ಕೆರೋಜೆನ್ ದ್ರವವಾದಾಗ ಹೆಚ್ಚು ಜಾಗ ಬೇಡುತ್ತದೆ. ಇಕ್ಕಟ್ಟಿನಲ್ಲಿ ಒತ್ತಡ ಏರಿ ಜೇಡಿಶಿಲೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಅವುಗಳ ಮೂಲಕ ಹೊರಬಿದ್ದ ಎಣ್ಣೆ ಪಕ್ಕದ ಸಡಿಲ ಪದರವನ್ನು ಸೇರುತ್ತದೆ. ಅಲ್ಲಿಂದ ಮುಂದೆ ಅದನ್ನು ನಡೆಸುವುದು ಮುಖ್ಯವಾಗಿ ಒಂದು ಬಲ. ಭೂಮಿಯೊಳಗಿನ ರಂಧ್ರಗಳೆಲ್ಲ ಉಪ್ಪುನೀರಿನಿಂದ ತುಂಬಿವೆ. ಎಣ್ಣೆ ಆ ನೀರಿಗಿಂತ ಹಗುರ. ಹಾಗಾಗಿ ಅದು ಮೇಲಕ್ಕೆ ಹೊರಡುತ್ತದೆ. ನೇರ ಮೇಲಕ್ಕೆ ಹೋಗಲು ದಾರಿ ಇಲ್ಲದಿದ್ದರೆ ಪದರದ ಏರನ್ನು ಹಿಡಿದು ಓರೆಯಾಗಿ, ಹತ್ತಾರು ಕಿಲೋಮೀಟರ್ ಬೇಕಾದರೂ ಸಾಗುತ್ತದೆ. ಕಿಚನ್ನಿನಿಂದ ದಿಬ್ಬಕ್ಕೆ ಎಣ್ಣೆ ಬಂದ ಬಗೆ ಇದು.

ಬಂದ ಎಣ್ಣೆಗೆ ತಂಗಲು ರಂಧ್ರಗಳುಳ್ಳ ಕಲ್ಲು ಬೇಕು. ಅದು ಸಂಗ್ರಹಶಿಲೆ. ನೆಲದೊಳಗೆ ಎಣ್ಣೆಯ ಕೆರೆಗಳಿವೆ ಎಂಬ ಚಿತ್ರ ಇನ್ನೂ ಅನೇಕರ ತಲೆಯಲ್ಲಿದೆ. ಕೆರೆಯೂ ಇಲ್ಲ, ಗವಿಯೂ ಇಲ್ಲ. ಇರುವುದು ಕಲ್ಲು, ಅದರ ಕಣಕಣದ ನಡುವಿನ ಸಂದು. ಮುಂಬೈ ಹೈನಲ್ಲಿ ಮುಖ್ಯ ಸಂಗ್ರಹಶಿಲೆ ಎಲ್-III ಎಂದು ಕರೆಯುವ ಸುಣ್ಣಕಲ್ಲು. ಸುಮಾರು 1,300 ಮೀಟರಿನ ಆಸುಪಾಸಿನ ಆಳದಲ್ಲಿ ಸಿಗುವ ಈ ಕಲ್ಲು ಮಯೋಸೀನ್ ಯುಗದ್ದು, ಅಂದರೆ ಒಂದೂವರೆ, ಎರಡು ಕೋಟಿ ವರ್ಷಗಳ ಹಿಂದಿನದು. ಆಗ ದಿಬ್ಬದ ಮೇಲೆ ತಿಳಿನೀರಿನ ಆಳವಿಲ್ಲದ ಸಮುದ್ರವಿತ್ತು. ನದಿಗಳ ಕೆಸರು ಅಷ್ಟು ದೂರ ಬಾರದ ಕಾಲದಲ್ಲಿ ಚಿಪ್ಪುಜೀವಿಗಳ ಸುಣ್ಣ ಅಲ್ಲಿ ಪದರ ಕಟ್ಟಿತು. ಸಮುದ್ರಮಟ್ಟ ಇಳಿದಾಗ ಆ ಸುಣ್ಣದ ಪದರ ನೀರಿನಿಂದ ಹೊರಗೆ ತಲೆ ಎತ್ತಿತು. ಮಳೆನೀರು ಸುಣ್ಣವನ್ನು ಅಲ್ಲಲ್ಲಿ ಕರಗಿಸಿ ಪೊಳ್ಳುಗಳನ್ನು ಮಾಡಿತು. ಆ ಪೊಳ್ಳುಗಳೇ ಇವತ್ತು ಎಣ್ಣೆಯ ಮನೆಗಳು.

ಆದರೆ ಸುಣ್ಣಕಲ್ಲು ಮರಳುಗಲ್ಲಿನಷ್ಟು ನಂಬಿಕಸ್ಥ ಅಲ್ಲ. ಮರಳುಗಲ್ಲಿನಲ್ಲಿ ರಂಧ್ರಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಸುಣ್ಣಕಲ್ಲಿನಲ್ಲಿ ಒಂದು ಗೇಣು ಮೇಲೆ ದೊಡ್ಡ ಪೊಳ್ಳಿದ್ದರೆ ಒಂದು ಗೇಣು ಕೆಳಗೆ ಏನೂ ಇಲ್ಲ. ಎಲ್-III ಒಂದೇ ಗಟ್ಟಿ ಪದರವೂ ಅಲ್ಲ. ತೆಳು ಜೇಡಿಶಿಲೆಗಳು ಅದನ್ನು ಹಲವು ಉಪಪದರಗಳಾಗಿ ಸೀಳಿವೆ. ಎಣ್ಣೆಯನ್ನು ತಳ್ಳಲೆಂದು ಕೆಳಗೆ ನೀರು ತುಂಬಿದರೆ ಆ ನೀರು ಸುಲಭದ ಪೊಳ್ಳುಗಳನ್ನು ಹಿಡಿದು ಬಾವಿಗೆ ಬೇಗ ಬಂದುಬಿಡುತ್ತದೆ, ಬಿಗಿಯಾದ ಪದರದ ಎಣ್ಣೆ ಹಿಂದೆಯೇ ಉಳಿಯುತ್ತದೆ. ಇರುವ ಎಣ್ಣೆಯಲ್ಲಿ ದೊಡ್ಡ ಪಾಲು ಎಂದೂ ಮೇಲೆ ಬಾರದೆ ಉಳಿಯಲು ಇದೊಂದು ಮುಖ್ಯ ಕಾರಣ.

ಇನ್ನು ಮುಚ್ಚಳ. ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ನಾಯಕ ಇದು, ಆದರೆ ಪಠ್ಯಪುಸ್ತಕದಲ್ಲಿ ಇದಕ್ಕೆ ಸಿಗುವುದು ಒಂದು ಸಾಲು. ಎಲ್-III ಮೇಲೆ ದಪ್ಪ ಜೇಡಿಶಿಲೆ ಕುಳಿತಿದೆ. ಅದು ಎಣ್ಣೆಯನ್ನು ತಡೆಯುವುದು ಗಟ್ಟಿಯಾಗಿರುವುದರಿಂದಲ್ಲ, ರಂಧ್ರವೇ ಇಲ್ಲದಿರುವುದರಿಂದಲೂ ಅಲ್ಲ. ಜೇಡಿಶಿಲೆಯಲ್ಲಿ ರಂಧ್ರಗಳು ಧಾರಾಳವಾಗಿವೆ. ಆದರೆ ಅವುಗಳ ಕತ್ತು ಅತಿ ಕಿರಿದು, ಮತ್ತು ಒಳಗೆಲ್ಲ ನೀರು ಮೆತ್ತಿಕೊಂಡಿದೆ. ನೀರು ಮೆತ್ತಿದ ಕಿರಿದಾದ ಕತ್ತಿನೊಳಗೆ ಎಣ್ಣೆಯ ಹನಿ ನುಗ್ಗಬೇಕಾದರೆ ಅದು ತನ್ನ ಮೇಲ್ಮೈಯನ್ನು ಬಿಗಿಯಾಗಿ ಬಾಗಿಸಿಕೊಳ್ಳಬೇಕು. ಅದಕ್ಕೆ ಒತ್ತಡ ಬೇಕು. ಕತ್ತು ಕಿರಿದಾದಷ್ಟೂ ಒತ್ತಡ ಹೆಚ್ಚು ಬೇಕು.

ಒಂದು ಲೆಕ್ಕ ಮಾಡೋಣ, ಸಂಖ್ಯೆಗಳು ಕೆಲವೇ ಇವೆ. ಎಣ್ಣೆಯ ಸಾಂದ್ರತೆ ಘನ ಮೀಟರಿಗೆ 800 ಕಿಲೋ, ಉಪ್ಪುನೀರಿನದು 1,030 ಕಿಲೋ ಎಂದಿಟ್ಟುಕೊಳ್ಳಿ. ವ್ಯತ್ಯಾಸ 230. ಎಣ್ಣೆಯ ಕಂಬ 100 ಮೀಟರ್ ಎತ್ತರವಿದ್ದರೆ ಅದರ ತುದಿ ಮುಚ್ಚಳವನ್ನು ತಳ್ಳುವ ಹೆಚ್ಚುವರಿ ಒತ್ತಡ ಸುಮಾರು 2.3 ಬಾರ್. ಮೇಲೆ ಕೂತ ಕಲ್ಲಿನ ರಂಧ್ರದ ಕತ್ತು 10 ಮೈಕ್ರಾನ್ ತ್ರಿಜ್ಯದ್ದಾದರೆ, ಅಂದರೆ ಅದು ಮರಳುಗಲ್ಲಾದರೆ, ಎಣ್ಣೆ ಒಳನುಗ್ಗಲು 0.06 ಬಾರ್ ಸಾಕು. ಮೂರು ಮೀಟರಿಗೂ ಕಡಿಮೆ ಎತ್ತರದ ಕಂಬವೇ ಅದನ್ನು ದಾಟಿಹೋಗುತ್ತದೆ. ಅರ್ಧ ಮೈಕ್ರಾನಿನ ಕತ್ತುಗಳಿರುವ ನುಣುಪು ಹೂಳುಗಲ್ಲಾದರೆ 1.2 ಬಾರ್ ಬೇಕು. ಅದು ಸುಮಾರು 50 ಮೀಟರ್ ಎಣ್ಣೆಯನ್ನು ಹಿಡಿದೀತು, 100 ಮೀಟರನ್ನು ಹಿಡಿಯದು. 0.02 ಮೈಕ್ರಾನಿನ ಒಳ್ಳೆಯ ಜೇಡಿಶಿಲೆಯಾದರೆ 30 ಬಾರ್ ಬೇಕಾಗುತ್ತದೆ. ಸಾವಿರ ಮೀಟರಿಗೂ ಮೀರಿದ ಕಂಬವನ್ನು ಅದು ತಡೆದು ನಿಲ್ಲಿಸಬಲ್ಲದು.

ಇದರಿಂದ ಮುಚ್ಚಳ ಇದೆಯೇ ಎಂಬ ಪ್ರಶ್ನೆಯೇ ಸಾಲದು ಎಂದಾಯಿತು. ಎಷ್ಟು ಮೀಟರಿಗೆ ಮುಚ್ಚಳ ಎಂದು ಕೇಳಬೇಕು. ಅದೂ ಅದರ ಅತ್ಯಂತ ದುರ್ಬಲ ಬಿಂದುವಿನಲ್ಲಿ ಕೇಳಬೇಕು, ಸರಾಸರಿಯಲ್ಲಲ್ಲ. ಅನಿಲದ ಕಾಟ ಇನ್ನೂ ಹೆಚ್ಚು. ಅದು ನೀರಿಗಿಂತ ತೀರ ಹಗುರವಾದ್ದರಿಂದ ಅಷ್ಟೇ ಎತ್ತರದ ಅನಿಲದ ಕಂಬ ಸುಮಾರು ನಾಲ್ಕು ಪಟ್ಟು ಬಲದಿಂದ ತಳ್ಳುತ್ತದೆ. ಅನಿಲಕ್ಕೂ ನೀರಿಗೂ ನಡುವಿನ ಮೇಲ್ಮೈ ಸೆಳೆತ ತುಸು ಹೆಚ್ಚಿರುವುದರಿಂದ ಒಂದಷ್ಟು ಪರಿಹಾರ ಸಿಗುತ್ತದೆ, ಪೂರ್ತಿ ಸಿಗುವುದಿಲ್ಲ. ಒತ್ತಡ ಕೈಮೀರಿದರೆ ಮುಚ್ಚಳ ಬಿರಿದೇ ಹೋಗಬಹುದು, ಅದು ಬೇರೆ ಬಗೆಯ ಸೋರಿಕೆ.

ಮೂರು ಕಲ್ಲುಗಳಾದವು. ಈಗ ಆಕಾರಕ್ಕೆ ಬರೋಣ. ಮುಚ್ಚಳ ಸಮತಟ್ಟಾಗಿ ಓರೆಯಾಗಿದ್ದರೆ ಎಣ್ಣೆ ಅದರ ಅಡಿಯಲ್ಲೇ ಜಾರುತ್ತ ಏರನ್ನು ಹಿಡಿದು ಹೋಗಿಬಿಡುತ್ತದೆ. ಅದು ನಿಲ್ಲಬೇಕಾದರೆ ಪದರಗಳು ಮೇಲಕ್ಕೆ ಬಾಗಿ ಕಮಾನಾಗಬೇಕು. ಈ ಕಮಾನು ಮಡಿಕೆಗೆ ಆಂಟಿಕ್ಲೈನ್ ಎಂದು ಹೆಸರು. ಕಮಾನಿನ ಉದ್ದದ ಎರಡು ಕೊನೆಗಳೂ ಕೆಳಗೆ ಇಳಿದಿರಬೇಕು, ಇಲ್ಲದಿದ್ದರೆ ಎಣ್ಣೆ ಆ ಕೊನೆಯಿಂದ ಪಾರಾಗುತ್ತದೆ. ನಾಲ್ಕೂ ದಿಕ್ಕಿಗೆ ಇಳಿಜಾರಿರುವ ಇಂಥ ಮಡಿಕೆ ಮಗುಚಿಟ್ಟ ಬೋಗುಣಿಯಂತೆ. ನೀರಿನೊಳಗೆ ಮಗುಚಿಟ್ಟ ಬೋಗುಣಿಗೆ ಅಡಿಯಿಂದ ಎಣ್ಣೆ ಬಿಟ್ಟರೆ ತುದಿಯಲ್ಲಿ ಸೇರುತ್ತ ಸೇರುತ್ತ ಕೆಳಮುಖವಾಗಿ ತುಂಬುತ್ತದೆ. ಅಂಚಿನಲ್ಲಿ ಎಲ್ಲಿ ಒಂದು ಚೂರು ಮುಕ್ಕಾಗಿದೆಯೋ ಅಲ್ಲಿಯವರೆಗೆ ಮಾತ್ರ ತುಂಬೀತು. ಮಿಕ್ಕಿದ್ದು ಆ ಮುಕ್ಕಿನಿಂದ ತುಳುಕಿ ಹೋಗುತ್ತದೆ. ಭೂವಿಜ್ಞಾನಿಗಳ ಸ್ಪಿಲ್ ಪಾಯಿಂಟ್ ಅದೇ. ತುದಿಯಿಂದ ಅಲ್ಲಿಗಿರುವ ಎತ್ತರವೇ ಬಲೆಯ ನಿಜವಾದ ಅಳತೆ.

ಕಮಾನಿಗೂ ಎಣ್ಣೆಗೂ ಇರುವ ಈ ನಂಟನ್ನು ಕ್ಷೇತ್ರಕಾರ್ಯದಲ್ಲಿ ಪರೀಕ್ಷಿಸಿ ತೋರಿಸಿದವರಲ್ಲಿ ಪ್ರಮುಖ ಅಮೆರಿಕದ ಐ. ಸಿ. ವೈಟ್. 1885ರಲ್ಲಿ ಅವರು ಅನಿಲ ಕಮಾನು ಮಡಿಕೆಗಳಲ್ಲಿ ಸಿಗುತ್ತದೆಂದು ಪ್ರಕಟಿಸಿದರು. ನಾಲ್ಕು ವರ್ಷದ ಮೇಲೆ ಪಶ್ಚಿಮ ವರ್ಜೀನಿಯಾದ ಮ್ಯಾನಿಂಗ್ಟನ್‌ನಲ್ಲಿ ಅದೇ ತತ್ವ ಹಿಡಿದು ತೈಲ ಕಂಡರು. ಅದಕ್ಕೂ ಮೊದಲು ಕೊರೆಯುವವರು ಎಣ್ಣೆ ಒಸರುವ ತೊರೆಗಳ ದಡ ಹಿಡಿದು ಹೋಗುತ್ತಿದ್ದರು. ಒಸರುತ್ತಿದೆ ಎಂದರೆ ಬಲೆ ಸೋರುತ್ತಿದೆ ಎಂದರ್ಥ ಎಂಬುದು ಅವರಿಗೆ ಹೊಳೆದಿರಲಿಲ್ಲ. ಕಮಾನಿಲ್ಲದ ಬಲೆಗಳೂ ಉಂಟು. ಮರಳುಗಲ್ಲು ಏರಿನ ಕಡೆ ತೆಳುವಾಗಿ ಮುಗಿದುಹೋದರೂ ಎಣ್ಣೆ ನಿಲ್ಲುತ್ತದೆ, 1930ರ ಪೂರ್ವ ಟೆಕ್ಸಾಸ್ ಅದಕ್ಕೆ ಸಾಕ್ಷಿ. ಆ ದಾರಿಗೆ ಇವತ್ತು ಹೋಗುವುದಿಲ್ಲ.

ಮುಂಬೈ ಹೈನ ಕಮಾನು ಹಿಮಾಲಯದ ಮಡಿಕೆಗಳ ಹಾಗೆ ಅಕ್ಕಪಕ್ಕದ ಒತ್ತಡದಿಂದ ಆದದ್ದಲ್ಲ. ಸುಮಾರು 65 ಕಿಲೋಮೀಟರ್ ಉದ್ದ, ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಅಗಲದ ಈ ಉಬ್ಬಿನ ಅಡಿಯಲ್ಲಿ ಪುರಾತನ ಕಲ್ಲಿನ ಗುಡ್ಡವಿದೆ. ಗುಡ್ಡದ ತಲೆಯ ಮೇಲೆ ಕೆಸರು ತೆಳ್ಳಗೆ ಬಿತ್ತು, ಪಕ್ಕದ ತಗ್ಗಿನಲ್ಲಿ ದಪ್ಪಗೆ ಬಿತ್ತು. ಭಾರ ಬಿದ್ದಾಗ ದಪ್ಪ ಕೆಸರು ಹೆಚ್ಚು ಕುಗ್ಗಿತು, ತೆಳು ಕೆಸರು ಕಡಿಮೆ ಕುಗ್ಗಿತು. ಹೀಗೆ ಮೇಲಿನ ಪ್ರತಿ ಪದರವೂ ಗುಡ್ಡದ ಮೇಲೆ ಹೊದ್ದಂತೆ ಬಾಗಿತು. ಪೂರ್ವದ ಮಗ್ಗುಲನ್ನು ಮಾತ್ರ ಸ್ತರಭಂಗ ಸೀಳಿದೆ. ಕನ್ನಡದ ಶ್ರೋತೃಗಳಿಗೆ ಇಲ್ಲೊಂದು ವಿಷಯ ಹೇಳಲೇಬೇಕು. ಈ ಗುಡ್ಡ ಚಾಚಿರುವ ದಿಕ್ಕು ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ. ನಮ್ಮ ಚಿತ್ರದುರ್ಗ, ಗದಗ ಸೀಮೆಯ ಶಿಲಾಪಟ್ಟಿಗಳ ದಿಕ್ಕೂ ಅದೇ. ಭೂವಿಜ್ಞಾನದ ಬರಹಗಳಲ್ಲಿ ಅದಕ್ಕೆ ಧಾರವಾಡ ಜಾಡು ಎಂದೇ ಹೆಸರು. ಪಶ್ಚಿಮ ಕರಾವಳಿಯಾಚೆಯ ನೆಲ ಬಿರಿದಾಗ ಈ ಹಳೆಯ ಜಾಡನ್ನೇ ಹಿಡಿದು ಬಿರಿಯಿತು. ಸಂಗ್ರಹಶಿಲೆ, ಮಾತೃಶಿಲೆಗಳೆರಡೂ ಇಲ್ಲದ ಧಾರವಾಡ ಶಿಲೆಗಳಲ್ಲಿ ತೈಲಕ್ಷೇತ್ರ ಹುಡುಕುವುದು ವ್ಯರ್ಥ. ಆದರೆ ಅದೇ ಜಾಡು ಸಮುದ್ರದಡಿಯಲ್ಲಿ ಬಲೆಗೆ ಅಡಿಪಾಯ ಹಾಕಿದೆ.

ತುಂಬಿದ ಬಲೆಯೊಳಗೆ ಏನಿದೆ, ಎಲ್ಲಿಯವರೆಗಿದೆ ಎಂದು ತಿಳಿಯುವುದು ಹೇಗೆ? ಮೇಲೆ ಅನಿಲ, ನಡುವೆ ಎಣ್ಣೆ, ಕೆಳಗೆ ನೀರು ಎಂದು ತೂಕದ ಪ್ರಕಾರ ಬೇರ್ಪಟ್ಟಿರುತ್ತವೆ. ಎಲ್-III ಮೇಲೂ ಅನಿಲದ ಟೋಪಿ ಇದೆ. ಬಾವಿಯೊಳಗೆ ಉಪಕರಣ ಇಳಿಸಿ ಬೇರೆ ಬೇರೆ ಆಳದಲ್ಲಿ ಕಲ್ಲಿನೊಳಗಿನ ಒತ್ತಡ ಅಳೆಯುತ್ತಾರೆ. ಹತ್ತು ಮೀಟರ್ ಇಳಿದಾಗ ಒತ್ತಡ ಸುಮಾರು ಒಂದು ಬಾರ್ ಏರಿದರೆ ಅಲ್ಲಿರುವುದು ನೀರು. 0.8 ಬಾರ್ ಏರಿದರೆ ಎಣ್ಣೆ. ಒಂದೆರಡು ದಶಾಂಶ ಮಾತ್ರ ಏರಿದರೆ ಅನಿಲ. ಎಣ್ಣೆಯ ಗೆರೆಯನ್ನೂ ನೀರಿನ ಗೆರೆಯನ್ನೂ ಕಾಗದದ ಮೇಲೆ ಎಳೆದರೆ ಅವು ಕೂಡುವ ಆಳವೇ ಎಣ್ಣೆಯ ತಳ. ಬಾವಿ ಆ ಆಳದವರೆಗೆ ಹೋಗದಿದ್ದರೂ ಲೆಕ್ಕ ಸಿಗುತ್ತದೆ.

ಈ ತಳ ಬಹಳ ಮಾತಾಡುತ್ತದೆ. ಕಲ್ಪಿತ ಉದಾಹರಣೆ ತೆಗೆದುಕೊಳ್ಳಿ: ಕಮಾನಿನ ತುದಿ 1,300 ಮೀಟರಿನಲ್ಲಿ, ತುಳುಕುವ ಬಿಂದು 1,420 ಮೀಟರಿನಲ್ಲಿ ಇದೆ. ಎಣ್ಣೆಯ ತಳವೂ 1,420 ಆದರೆ ಬಲೆ ತುಂಬಿ ತುಳುಕಿದೆ. ಏರಿನ ಕಡೆ ಮುಂದಿರುವ ಬಲೆಯಲ್ಲೂ ಎಣ್ಣೆ ಇರಬಹುದು, ಹೋಗಿ ನೋಡಬೇಕು. ತಳ 1,350ಕ್ಕೇ ನಿಂತಿದ್ದರೆ ಎರಡರಲ್ಲೊಂದು: ಕಿಚನ್ನಿನಿಂದ ಬಂದದ್ದೇ ಕಡಿಮೆ, ಅಥವಾ 50 ಮೀಟರಿಗಿಂತ ಹೆಚ್ಚು ಎತ್ತರವನ್ನು ಮುಚ್ಚಳ ತಡೆಯಲಾರದೆ ಸೋರಿಸುತ್ತಿದೆ. ಒಂದೇ ಕಮಾನಿನ ಎರಡು ಬಾವಿಗಳಲ್ಲಿ ತಳ ಬೇರೆ ಬೇರೆ ಆಳದಲ್ಲಿ ಸಿಕ್ಕರೆ ನಡುವೆ ಕಾಣದ ಸ್ತರಭಂಗವೋ ಜೇಡಿಯ ಗೋಡೆಯೋ ಇರಬೇಕು.

ಸಾಲು ಸಾಲಾಗಿ ಕಮಾನುಗಳಿದ್ದರೆ ಒಂದು ವಿಚಿತ್ರವೂ ನಡೆಯುತ್ತದೆ. ಕಿಚನ್ನಿಗೆ ಹತ್ತಿರದ, ಆಳದ ಕಮಾನಿಗೆ ಮೊದಲು ಎಣ್ಣೆ ಬರುತ್ತದೆ. ಕಿಚನ್ ಇನ್ನೂ ಬಿಸಿಯೇರಿದ ಮೇಲೆ ಅನಿಲ ಬರುತ್ತದೆ. ಅನಿಲ ತುದಿಯನ್ನು ಆಕ್ರಮಿಸಿ ಎಣ್ಣೆಯನ್ನು ಕೆಳಗೆ ತಳ್ಳುತ್ತ ಕೊನೆಗೆ ಅಂಚಿನಿಂದ ಹೊರದಬ್ಬುತ್ತದೆ. ಆ ಎಣ್ಣೆ ಮೇಲಿನ ಮುಂದಿನ ಕಮಾನನ್ನು ಸೇರುತ್ತದೆ. ಕೊನೆಗೆ ಆಳದ ಬಲೆಯಲ್ಲಿ ಬರೀ ಅನಿಲ, ಮೇಲಿನ ಬಲೆಯಲ್ಲಿ ಎಣ್ಣೆ! ಹಗುರವಾದದ್ದು ಮೇಲಿರಬೇಕೆಂಬ ನಮ್ಮ ಎಣಿಕೆಗೆ ತದ್ವಿರುದ್ಧ. ವಿಲಿಯಂ ಗಸ್ಸೋ 1954ರಲ್ಲಿ ಇದನ್ನು ವಿವರಿಸಿದರು.

ಎಲ್ಲ ಸರಿಯಿದ್ದೂ ಬಲೆ ಬರಿದಾದ ಕಥೆಯೊಂದನ್ನು ಹೇಳುತ್ತೇನೆ. ಅಲಾಸ್ಕಾದ ಉತ್ತರ ತೀರದಲ್ಲಿ 1968ರಲ್ಲಿ ಪ್ರುಡೋ ಬೇ ಎಂಬ ಮಹಾಕ್ಷೇತ್ರ ಸಿಕ್ಕಿತ್ತು. ಅದರಿಂದ ಪಶ್ಚಿಮಕ್ಕೆ ನೂರು ಕಿಲೋಮೀಟರ್ ಆಸುಪಾಸಿನಲ್ಲಿ, ಸಮುದ್ರದಡಿ, ಮಕ್ಲಕ್ ಎಂಬ ದೊಡ್ಡ ಉಬ್ಬು ಕಂಡಿತು. ಕಂಪನಿಗಳು ಗುತ್ತಿಗೆಗೇ ಸುಮಾರು 150 ಕೋಟಿ ಡಾಲರ್ ಸುರಿದವು. ಸಮುದ್ರದಲ್ಲಿ ಜಲ್ಲಿಯ ದ್ವೀಪ ಕಟ್ಟಿ 1983ರಲ್ಲಿ ಕೊರೆದರು. ಸಂಗ್ರಹಶಿಲೆ ಸಿಕ್ಕಿತು. ಅದರ ಕಣಗಳಿಗೆ ಎಣ್ಣೆಯ ಕಲೆ ಅಂಟಿತ್ತು. ರಂಧ್ರಗಳಲ್ಲಿ ಇದ್ದದ್ದು ಮಾತ್ರ ಉಪ್ಪುನೀರು. ಒಂದು ಕಾಲದಲ್ಲಿ ಎಣ್ಣೆ ಬಂದು ತುಂಬಿತ್ತು, ಆಮೇಲೆ ಹೋಯಿತು. ಮುಚ್ಚಳ ಸೋರಿತೋ, ನೆಲ ವಾಲಿ ಅಂಚಿನಿಂದ ತುಳುಕಿತೋ ಎಂಬುದರ ಬಗ್ಗೆ ಎರಡು ಮಾತಿದೆ. ಕೊರೆದ ಕಂಪನಿಯ ಮುಖ್ಯಸ್ಥರೊಬ್ಬರು ಸರಿಯಾದ ಜಾಗದಲ್ಲೇ ಕೊರೆದಿದ್ದೇವೆ, ಮೂರು ಕೋಟಿ ವರ್ಷ ತಡವಾಯಿತಷ್ಟೆ ಎಂಬರ್ಥದ ಮಾತಾಡಿದ್ದರು. ಅದು ಬರೀ ಚಮತ್ಕಾರದ ಮಾತಲ್ಲ. ಸಮೀಕ್ಷೆ ತೋರಿಸುವುದು ಇವತ್ತಿನ ಆಕಾರವನ್ನು. ಬೇಕಾಗಿದ್ದದ್ದು ಎಣ್ಣೆ ಬಂದ ದಿನದಿಂದ ಇವತ್ತಿನವರೆಗಿನ ಆಕಾರ. ಮುಂಬೈ ಹೈನಲ್ಲಿ ಸರದಿ ಕೂಡಿಬಂತು: ಗುಡ್ಡ ಮೊದಲೇ ಇತ್ತು, ಸುಣ್ಣಕಲ್ಲಿನ ಮೇಲೆ ಮುಚ್ಚಳ ಬಿತ್ತು, ತಗ್ಗುಗಳಲ್ಲಿ ಬೆಂದ ಎಣ್ಣೆ ಅದನ್ನು ಹಿಂಬಾಲಿಸಿ ಬಂತು, ಆಮೇಲೆ ನೆಲ ಹೆಚ್ಚು ಅಲುಗಲಿಲ್ಲ.

ಧಾರವಾಡ ಶಿಲೆಗಳಲ್ಲಿ ತೈಲಕ್ಷೇತ್ರ ಹುಡುಕುವುದು ವ್ಯರ್ಥ ಎಂದೆನಲ್ಲ, ಆದರೆ ಕರ್ನಾಟಕದಲ್ಲಿ ಮನುಷ್ಯರು ಮಾಡಿದ ತೈಲದ ಬಲೆಗಳು ಎರಡಿವೆ. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲವನ್ನು ತುರ್ತುಕಾಲಕ್ಕೆಂದು ನೆಲದಡಿಯ ಕಲ್ಲಿನ ಗುಹೆಗಳಲ್ಲಿ ಇಡುವ ವ್ಯವಸ್ಥೆ ಇದೆ. ಗುಹೆಯ ಗೋಡೆಗೆ ಉಕ್ಕಿನ ಹೊದಿಕೆ ಇಲ್ಲ. ಕಲ್ಲಿನ ಸಣ್ಣ ಬಿರುಕುಗಳಲ್ಲಿ ಇರುವ ಅಂತರ್ಜಲದ ಒತ್ತಡ ಒಳಗಿನ ತೈಲದ ಒತ್ತಡಕ್ಕಿಂತ ಹೆಚ್ಚಿರುವಂತೆ ನೋಡಿಕೊಳ್ಳುತ್ತಾರೆ. ಅದಕ್ಕಾಗಿ ಗುಹೆಯ ಮೇಲೆ ರಂಧ್ರಗಳನ್ನು ಕೊರೆದು ನೀರು ತುಂಬುತ್ತಾರೆ. ನೀರು ಒಳಕ್ಕೆ ಜಿನುಗುತ್ತದೆ, ಎಣ್ಣೆ ಹೊರಕ್ಕೆ ಹೋಗಲಾರದು. ಒಳಬಂದ ನೀರನ್ನು ತಳದಿಂದ ಪಂಪ್ ಮಾಡಿ ತೆಗೆಯುತ್ತಾರೆ. ಜೇಡಿಶಿಲೆಯ ಕಿರಿದಾದ ಕತ್ತು ಮಾಡುವ ಕೆಲಸವನ್ನು ಇಲ್ಲಿ ನೀರಿನ ಒತ್ತಡ ಮಾಡುತ್ತಿದೆ. ಆ ಸುತ್ತಿನ ಅಂತರ್ಜಲ ಮಟ್ಟ ಕುಸಿಯದಂತೆ ಕಾಯುವುದು ಅಲ್ಲಿ ತೈಲ ಕಾಯುವ ಕೆಲಸವೂ ಹೌದು.

ಮುಂದೆ ಯಾವಾಗಲಾದರೂ ಪತ್ರಿಕೆಯಲ್ಲಿ 'ಭಾರಿ ತೈಲ ನಿಕ್ಷೇಪ ಪತ್ತೆ' ಎಂಬ ತಲೆಬರಹ ನೋಡಿದರೆ ವಿದ್ಯಾರ್ಥಿಗಳು ಎರಡು ಪ್ರಶ್ನೆ ಇಟ್ಟುಕೊಂಡು ಓದಿ. ಬಾವಿ ಕೊರೆದಿದ್ದಾರೆಯೇ, ಇಲ್ಲ ಸಮೀಕ್ಷೆಯ ಉಬ್ಬನ್ನೇ ನಿಕ್ಷೇಪ ಎನ್ನುತ್ತಿದ್ದಾರೆಯೇ? ಕೊರೆದಿದ್ದರೆ, ಎಣ್ಣೆಯ ತಳ ಎಷ್ಟು ಆಳದಲ್ಲಿ ಸಿಕ್ಕಿತು? ಎರಡಕ್ಕೂ ವರದಿಯಲ್ಲಿ ಉತ್ತರವಿಲ್ಲದಿದ್ದರೆ ಸದ್ಯಕ್ಕೆ ಅದನ್ನು ನಂಬಬೇಡಿ.